ದಿನವಿಡೀ ಟಿಂಗ್ ಬದಲು ದಿನಕ್ಕೊಂದು ಡೈಜೆಸ್ಟ್

ಆ್ಯಪ್‌ಗಳೂ ಕಂಪ್ಯೂಟರ್ ವ್ಯವಸ್ಥೆಗಳೂ ತಮ್ಮಷ್ಟಕ್ಕೆ ಕಳಿಸುವ ಸೂಚನೆಗಳನ್ನು ಬಂದ ಬಂದ ಹಾಗೆ ಮುಂದಿಡದೆ, ಒಂದೆಡೆ ಕೂಡಿಟ್ಟು ಗೊತ್ತುಮಾಡಿದ ಹೊತ್ತಿಗೆ ಒಂದೇ ಕಂತಿನಲ್ಲಿ ತಲುಪಿಸುವ ಏರ್ಪಾಡಿಗೆ ಡೈಜೆಸ್ಟ್ ಎನ್ನುತ್ತಾರೆ. ಇದರಲ್ಲಿ ಮಾಹಿತಿ ಕಡಿಮೆಯಾಗಬೇಕೆಂದಿಲ್ಲ, ತಡವಾಗುತ್ತದೆ ಅಷ್ಟೇ. ಬೆಳಿಗ್ಗೆ ಹತ್ತಕ್ಕೆ ಬಂದದ್ದು ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕಣ್ಣಿಗೆ ಬೀಳಬಹುದು. ಹಾಗಾಗಿ ಯಾವ ಸೂಚನೆ ಮುಖ್ಯ, ಯಾವುದು ಅಮುಖ್ಯ ಎಂದು ಕೇಳುತ್ತ ಕೂತರೆ ಉತ್ತರ ಸಿಗುವುದಿಲ್ಲ. ಇಪ್ಪತ್ತಮೂರು ಗಂಟೆ ತಡವಾದರೆ ಏನು ನಷ್ಟ ಎಂದು ಕೇಳಬೇಕು. ರಾತ್ರಿಯ ಬ್ಯಾಕಪ್ ಸರಿಯಾಗಿ ಮುಗಿಯಿತೆಂಬ ಸುದ್ದಿ ಬಹಳ ಮುಖ್ಯ, ಆದರೆ ತಡವಾಗಿ ತಿಳಿದರೆ ನಷ್ಟವೇನಿಲ್ಲ. ಆಟೋ ಚಾಲಕ ಮನೆ ಮುಂದೆ ಬಂದು ನಿಂತಿದ್ದಾನೆಂಬುದು ತೀರಾ ಸಣ್ಣ ಸಂಗತಿ, ಆದರೆ ಐದು ನಿಮಿಷ ತಡವಾದರೂ ಪ್ರಯೋಜನವಿಲ್ಲ.

ಈ ಅಳತೆಯಲ್ಲಿ ನೋಡಿದರೆ ಡೈಜೆಸ್ಟ್‌ಗೆ ಎಂದೂ ಸೇರಿಸಬಾರದ ಕೆಲವು ಬಗೆಗಳು ಕೂಡಲೇ ಗೊತ್ತಾಗುತ್ತವೆ. ಒಟಿಪಿಯ ಆಯುಸ್ಸೇ ಕೆಲವು ನಿಮಿಷ. ಪಾಸ್‌ವರ್ಡ್ ಬದಲಾಗಿದೆ, ಹೊಸ ಸಾಧನದಿಂದ ಲಾಗಿನ್ ಆಗಿದೆ ಎಂಬ ಪತ್ರಗಳು ತಕ್ಷಣ ಓದಿದರೆ ಮಾತ್ರ ಉಪಯೋಗಕ್ಕೆ ಬರುತ್ತವೆ. ಬ್ಯಾಂಕ್ ಖಾತೆಯಿಂದ ಹಣ ಹೋದ ಎಸ್ಸೆಮ್ಮೆಸ್ಸಿನ ವಿಷಯದಲ್ಲಿ ತಡದ ಬೆಲೆಯನ್ನು ನಿಯಮವೇ ಹೇಳಿದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಬ್ಯಾಂಕಿನದೂ ಅಲ್ಲದ ಗ್ರಾಹಕನದೂ ಅಲ್ಲದ ತಪ್ಪಿನಿಂದ ಹಣ ಹೋದಾಗ, ಬ್ಯಾಂಕಿನ ಸೂಚನೆ ಸಿಕ್ಕ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕ ಏನನ್ನೂ ಕಳೆದುಕೊಳ್ಳಬೇಕಿಲ್ಲ. ನಾಲ್ಕರಿಂದ ಏಳು ದಿನವಾದರೆ ಒಂದು ಮಿತಿಯವರೆಗಿನ ನಷ್ಟ ಅವನ ಪಾಲಿಗೆ ಬೀಳುತ್ತದೆ. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ನೀತಿ ಏನು ಹೇಳುತ್ತದೋ ಅದು. ಮೂರು ದಿನವಿದೆಯಲ್ಲ, ದಿನಕ್ಕೊಮ್ಮೆ ನೋಡಿದರೆ ಸಾಲದೇ ಎಂದು ಯಾರಾದರೂ ಲೆಕ್ಕ ಹಾಕಬಹುದು. ಆದರೆ ಕಳ್ಳ ಒಂದೇ ಸಲ ಕದ್ದು ಸುಮ್ಮನಾಗುವುದಿಲ್ಲ. ಮೊದಲ ಸಾವಿರ ರೂಪಾಯಿಯ ಸೂಚನೆ ಕಂಡ ಕೂಡಲೇ ಕಾರ್ಡ್ ಬ್ಲಾಕ್ ಮಾಡಿದರೆ ಮುಂದಿನ ಐವತ್ತು ಸಾವಿರ ಉಳಿಯುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬೇಗ ಕರೆ ಹೋದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಇವನ್ನು ಬದಿಗಿಟ್ಟರೆ ಉಳಿಯುವ ರಾಶಿ ದೊಡ್ಡದು: ಬ್ಯಾಕಪ್ ವರದಿ, ಹಂಚಿಕೊಂಡ ಕಡತಕ್ಕೆ ಯಾರೋ ಬರೆದ ಟಿಪ್ಪಣಿ, ಫಾರ್ಮ್‌ಗೆ ಬಂದ ಅರ್ಜಿ, ಸಾಫ್ಟ್‌ವೇರ್ ಅಪ್‌ಡೇಟ್, ಗುಂಪು ಪತ್ರ, ಅಂಗಡಿ ಆ್ಯಪ್‌ಗಳ ಆಫರ್. ಇವನ್ನು ಕಟ್ಟು ಕಟ್ಟುವ ಕೆಲಸ ಮೂರು ಕಡೆ ನಡೆಯಬಹುದು. ಕಳಿಸುವ ಸೇವೆಯೇ ಕೂಡಿಸಿ ಕಳಿಸಬಹುದು. ಹಾಗಾಗದಿದ್ದರೆ ಮೇಲ್‌ಬಾಕ್ಸ್‌ನಲ್ಲಿ ತಡೆದು ಕೂಡಿಸಬಹುದು. ಅದೂ ಆಗದಿದ್ದರೆ ಫೋನಿನಲ್ಲಿ ತೋರಿಸುವ ಹೊತ್ತನ್ನು ಮುಂದೂಡಬಹುದು. ಇದೇ ಕ್ರಮದಲ್ಲಿ ಪ್ರಯತ್ನಿಸುವುದು ಒಳ್ಳೆಯದು, ಏಕೆಂದರೆ ಕಳಿಸುವವನಿಗೆ ವಿಷಯದ ಒಳಗು ಗೊತ್ತಿರುತ್ತದೆ. ಫೋನಿಗೆ ಗೊತ್ತಿರುವುದು ಬಹುಮಟ್ಟಿಗೆ ಆ್ಯಪ್‌ನ ಹೆಸರಷ್ಟೇ.

ಕಳಿಸುವ ಕಡೆಯ ಏರ್ಪಾಡಿಗೆ ಗೂಗಲ್ ಗ್ರೂಪ್ಸ್ ಒಳ್ಳೆಯ ಮಾದರಿ. ಅಲ್ಲಿ ಸದಸ್ಯತ್ವದ ಸೆಟ್ಟಿಂಗ್ಸ್‌ನಲ್ಲಿ ನಾಲ್ಕು ಆಯ್ಕೆಗಳಿವೆ. ‘Each email’ ಎಂದರೆ ಪ್ರತಿ ಪತ್ರವೂ ಬಿಡಿಯಾಗಿ ಬರುತ್ತದೆ. ‘Digest’ ಎಂದರೆ ಇಪ್ಪತ್ತೈದರವರೆಗೆ ಪೂರ್ತಿ ಪತ್ರಗಳು ಒಂದೇ ಕಟ್ಟಿನಲ್ಲಿ ಬರುತ್ತವೆ. ‘Abridged’ ಎಂದರೆ ದಿನಕ್ಕೊಮ್ಮೆ ಸಾರಾಂಶ ಮಾತ್ರ. ‘No email’ ಎಂದರೆ ಏನೂ ಬರುವುದಿಲ್ಲ, ಬೇಕಾದಾಗ ಹೋಗಿ ಓದಬೇಕು. ಹೆಸರು ಡೈಜೆಸ್ಟ್ ಎಂದಿದ್ದರೂ ಎರಡನೆಯದು ದಿನಕ್ಕೆ ಒಂದೇ ಬರುತ್ತದೆಂಬ ಖಾತ್ರಿಯಿಲ್ಲ: ದಿನಕ್ಕೆ ನೂರು ಪತ್ರ ಓಡಾಡುವ ಗುಂಪಿನಲ್ಲಿ ಇಪ್ಪತ್ತೈದರಂತೆ ನಾಲ್ಕು ಕಟ್ಟುಗಳಾಗುತ್ತವೆ. ನಿಜವಾಗಿ ದಿನಕ್ಕೊಂದು ಬೇಕಾದವರಿಗೆ ಮೂರನೆಯದೇ ಸರಿ. ಇನ್ನೊಂದು ತೊಡಕೂ ಇದೆ. ಡೈಜೆಸ್ಟ್ ಪತ್ರಕ್ಕೇ ‘ರಿಪ್ಲೈ’ ಒತ್ತಿದರೆ ವಿಷಯದ ಸಾಲಿನಲ್ಲಿ ಮೂಲ ಚರ್ಚೆಯ ಹೆಸರಿರುವುದಿಲ್ಲ, ಡೈಜೆಸ್ಟ್‌ನ ಹೆಸರಿರುತ್ತದೆ. ಉತ್ತರ ಯಾರಿಗೆ, ಯಾವ ಪ್ರಶ್ನೆಗೆ ಎಂದು ಗುಂಪಿನವರು ತಡಕಾಡಬೇಕಾಗುತ್ತದೆ. ಹೆಚ್ಚಾಗಿ ಓದುವುದಷ್ಟೇ ಇರುವ ಗುಂಪಿಗೆ ಡೈಜೆಸ್ಟ್ ಹೊಂದುತ್ತದೆ. ದಿನವೂ ಉತ್ತರ ಬರೆಯುವ ಗುಂಪಿಗೆ ಹೊಂದುವುದಿಲ್ಲ.

ಸರ್ವರ್ ನೋಡಿಕೊಳ್ಳುವವರಿಗೆ ಈ ರೋಗ ಹಳೆಯದು, ಮದ್ದೂ ಹಳೆಯದು. ಲಿನಕ್ಸ್ ಕಂಪ್ಯೂಟರಿನಲ್ಲಿ ಹೊತ್ತು ಹೊತ್ತಿಗೆ ಕೆಲಸ ಮಾಡಿಸುವ ಕ್ರಾನ್ ಎಂಬ ವ್ಯವಸ್ಥೆಗೆ ಒಂದು ಸ್ವಭಾವವಿದೆ: ತಾನು ಓಡಿಸಿದ ಕೆಲಸ ಒಂದೇ ಒಂದು ಸಾಲು ಬರೆದರೂ ಅದನ್ನು ಮೇಲ್ ಮಾಡುತ್ತದೆ. ಕೆಲಸ ಕೆಟ್ಟಿತೋ ಚೆನ್ನಾಗಿ ಆಯಿತೋ ಎಂಬುದು ಅದಕ್ಕೆ ಬೇಕಿಲ್ಲ. ಐದು ನಿಮಿಷಕ್ಕೊಮ್ಮೆ ನಡೆಯುವ ಕೆಲಸವೊಂದು ಬಾಯಿ ಬಿಟ್ಟರೆ ದಿನಕ್ಕೆ 288 ಪತ್ರ. ಇದಕ್ಕೆ ಎದುರಾಗಿ `logwatch` ಎಂಬ ಸಾಧನ ಹಿಂದಿನ ದಿನದ ಲಾಗ್ ಕಡತಗಳನ್ನೆಲ್ಲ ಓದಿ ಒಂದೇ ವರದಿ ಮಾಡುತ್ತದೆ. ಹೊರಗಿನಿಂದ ಯಾರೋ ಪಾಸ್‌ವರ್ಡ್ ಊಹಿಸಿ ನಾನೂರು ಸಲ ಒಳನುಗ್ಗಲು ನೋಡಿದ್ದರೆ ನಾನೂರು ಸಾಲು ಸುರಿಯುವುದಿಲ್ಲ. ಇಂಥ ವಿಳಾಸದಿಂದ ಇಷ್ಟು ಸಲ ಎಂದು ಎಣಿಸಿ ಹೇಳುತ್ತದೆ. ಒಳ್ಳೆಯ ಡೈಜೆಸ್ಟ್‌ನ ಗುಣ ಈ ಎಣಿಕೆಯಲ್ಲೇ ಇದೆ. ದಿನದ ಬಿಲ್ಲುಗಳನ್ನೆಲ್ಲ ಪಿನ್ ಹೊಡೆದು ಕೊಟ್ಟುಬಿಟ್ಟರೆ ಅಂಗಡಿಯ ಲೆಕ್ಕ ಬರೆದಂತಾಗುವುದಿಲ್ಲ. ಹಾಗೆಯೇ ಎಂಬತ್ತು ಪತ್ರಗಳನ್ನು ಒಂದರ ಕೆಳಗೊಂದು ಅಂಟಿಸಿದ ಡೈಜೆಸ್ಟನ್ನು ಎರಡನೆಯ ವಾರದಿಂದ ಯಾರೂ ತೆರೆಯುವುದಿಲ್ಲ.

ಕಳಿಸುವ ಸೇವೆಯಲ್ಲಿ ಇಂಥ ಆಯ್ಕೆಯೇ ಇಲ್ಲದಾಗ ಮೇಲ್‌ಬಾಕ್ಸ್ ಕೆಲಸಕ್ಕೆ ಬರುತ್ತದೆ. ಒಂದು ಪದವಿ ಕಾಲೇಜಿನ ಕಚೇರಿಯ ಜಿಮೇಲ್ ಖಾತೆ ಎಂದಿಟ್ಟುಕೊಳ್ಳೋಣ. ಪ್ರವೇಶದ ತಿಂಗಳು. ಆನ್‌ಲೈನ್ ಫಾರ್ಮ್ ತುಂಬಿದ ಪ್ರತಿ ವಿದ್ಯಾರ್ಥಿಯಿಂದಲೂ ಒಂದು ಸೂಚನೆ, ಹೀಗೆ ದಿನಕ್ಕೆ 120. ಗೇಟಿನ ಸಿಸಿಟಿವಿ ರೆಕಾರ್ಡರ್ ಏನಾದರೂ ಅಲುಗಾಡಿದಾಗಲೆಲ್ಲ ಚಿತ್ರ ಸಹಿತ ಕಳಿಸುವ ಪತ್ರ 60. ಕಡತ ಹಂಚಿಕೆಯ ಸೂಚನೆ 15. ರಾತ್ರಿ ಎರಡು ಗಂಟೆಗೆ ಬ್ಯಾಕಪ್ ಪತ್ರ 1. ಇವುಗಳ ನಡುವೆ ವಿಶ್ವವಿದ್ಯಾಲಯದಿಂದ, ಇಂದು ಸಂಜೆಯೊಳಗೆ ಉತ್ತರಿಸಿ ಎನ್ನುವ ಸುತ್ತೋಲೆ 1. ಸುಮಾರು ಇನ್ನೂರು ಪತ್ರಗಳ ಆ ದಿನ, ಮನುಷ್ಯ ಕೂಡಲೇ ನೋಡಲೇಬೇಕಾದದ್ದು ಆ ಕೊನೆಯದೊಂದೇ. ಅದೇ ತಪ್ಪಿಹೋಗುವ ಸಂಭವವೂ ಹೆಚ್ಚು.

ಮೊದಲು ಮಾಡುವ ಕೆಲಸ ಕತ್ತರಿಸುವುದು. ಸಿಸಿಟಿವಿಯ ಅರವತ್ತು ಪತ್ರಗಳನ್ನು ಡೈಜೆಸ್ಟ್‌ಗೆ ಹಾಕಿ ಉಪಯೋಗವಿಲ್ಲ, ಮರುದಿನ ಆ ಚಿತ್ರಗಳನ್ನು ಯಾರೂ ನೋಡುವುದಿಲ್ಲ, ಬೇಕಾದರೆ ರೆಕಾರ್ಡರಿನಲ್ಲೇ ಎಲ್ಲವೂ ಇದೆ. ಕಾಲೇಜು ನಡೆಯುವ ಹೊತ್ತಿನ ಪತ್ರಗಳನ್ನು ಆ ಸಾಧನದಲ್ಲೇ ನಿಲ್ಲಿಸಿ, ರಾತ್ರಿಯವನ್ನು ಮಾತ್ರ ಉಳಿಸಿಕೊಂಡು, ಅವನ್ನು ತಕ್ಷಣದ ಸೂಚನೆಯಾಗಿಯೇ ಕಾವಲುಗಾರನಿಗೆ ಕಳಿಸಬೇಕು. ಫಾರ್ಮಿನ ಅರ್ಜಿಗಳೆಲ್ಲ ಹೇಗೂ ಒಂದು ಶೀಟಿನಲ್ಲಿ ಸಾಲಾಗಿ ಕೂತಿರುತ್ತವೆ, ಆದ್ದರಿಂದ ಅಲ್ಲಿಗೆ ದಿನಕ್ಕೊಂದು ನೆನಪೋಲೆ ಸಾಕು. ಡೈಜೆಸ್ಟ್ ಮಾಡಲು ಹೊರಟವರಲ್ಲಿ ಅನೇಕರು ಈ ಕತ್ತರಿಸುವ ಹಂತವನ್ನೇ ಹಾರಿಬಿಡುತ್ತಾರೆ. ಆಮೇಲೆ ಡೈಜೆಸ್ಟ್ ಕಸದ ಗುಡ್ಡೆಯಾಗುತ್ತದೆ.

ಉಳಿದದ್ದಕ್ಕೆ ಫಿಲ್ಟರ್. ಬ್ಯಾಕಪ್ ಪತ್ರವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಒಂದೇ ವಿಳಾಸದಿಂದ ಎರಡು ಬಗೆಯ ಸುದ್ದಿ ಬರುತ್ತದೆ: ಆಯಿತು, ಇಲ್ಲವೇ ಆಗಲಿಲ್ಲ. ವಿಳಾಸವನ್ನಷ್ಟೇ ನೋಡುವ ಫಿಲ್ಟರ್ ಹಾಕಿದರೆ ‘ಆಗಲಿಲ್ಲ’ವೂ ಡೈಜೆಸ್ಟ್‌ನ ಹೊಟ್ಟೆ ಸೇರುತ್ತದೆ. ಹಾಗಾಗಿ ಜಿಮೇಲ್‌ನ ಹುಡುಕು ಪಟ್ಟಿಯಲ್ಲಿ ಹೀಗೆ ಬರೆಯುವುದು ಕ್ಷೇಮ:

```
from:backup@example.org subject:success -failed -error
```

ಈ ವಿಳಾಸದಿಂದ ಬಂದಿರಬೇಕು, ವಿಷಯದ ಸಾಲಿನಲ್ಲಿ ಯಶಸ್ಸಿನ ಪದವಿರಬೇಕು, ಸೋಲಿನ ಪದಗಳು ಎಲ್ಲಿಯೂ ಇರಬಾರದು ಎಂಬುದು ಇದರ ಅರ್ಥ. ಫಲಿತಾಂಶದಲ್ಲಿ ಹಳೆಯ ಬ್ಯಾಕಪ್ ಪತ್ರಗಳೇ ಬಂದಿವೆಯೇ ಎಂದು ಕಣ್ಣಾಡಿಸಿ, ‘Create filter’ ಒತ್ತಿ, ‘Skip the Inbox (Archive it)’ ಮತ್ತು ‘Apply the label’ ಎರಡಕ್ಕೂ ಗುರುತು ಹಾಕಿ, `saara` ಎಂಬ ಲೇಬಲ್ ಕೊಟ್ಟರೆ ಮುಗಿಯಿತು. ಕೆಲವು ಬ್ಯಾಕಪ್ ಸಾಧನಗಳು ಎಲ್ಲ ಸರಿಯಿದ್ದಾಗಲೂ ಪತ್ರದ ಒಳಗೆ ‘Failed: 0’ ಎಂದು ಬರೆಯುತ್ತವೆ. ಆಗ ಒಳ್ಳೆಯ ಸುದ್ದಿಯೂ ಇನ್‌ಬಾಕ್ಸ್‌ಗೇ ಬಂದುಬಿಡುತ್ತದೆ. ಅದು ಸಣ್ಣ ಕಿರಿಕಿರಿ, ಅಪಾಯವಲ್ಲ. ಫಿಲ್ಟರ್ ತಪ್ಪುವುದೇ ಆದರೆ ಈ ದಿಕ್ಕಿಗೆ ತಪ್ಪಬೇಕು: ಗುರುತು ಪರಿಚಯವಿರುವ, ನಿರುಪದ್ರವಿ ಎಂದು ಖಚಿತವಾದ ಪತ್ರ ಮಾತ್ರ ಡೈಜೆಸ್ಟ್‌ಗೆ, ಅಪರಿಚಿತವಾದದ್ದೆಲ್ಲ ಇನ್‌ಬಾಕ್ಸ್‌ಗೆ.

ಇದನ್ನು ಮರೆತು ದೊಡ್ಡ ಬಲೆ ಬೀಸುವುದೇ ಸಾಮಾನ್ಯ ಎಡವಟ್ಟು. ಕಡತ ಹಂಚಿಕೆಯ ಸೂಚನೆಗಳು ಗೂಗಲ್‌ನಿಂದ ಬರುತ್ತವೆಂದು `from:google.com` ಎಂದು ಫಿಲ್ಟರ್ ಹಾಕಿದರೆ, ಖಾತೆಗೆ ಹೊಸ ಸಾಧನದಿಂದ ಯಾರೋ ಲಾಗಿನ್ ಆದರೆಂದು `no-reply@accounts.google.com` ವಿಳಾಸದಿಂದ ಬರುವ ಎಚ್ಚರಿಕೆಯೂ ಅದರಲ್ಲಿ ಸಿಕ್ಕಿಬೀಳುತ್ತದೆ. ಪೂರ್ತಿ ವಿಳಾಸವನ್ನೇ ಬರೆಯುವುದು ಒಂದಿಷ್ಟು ಹೆಚ್ಚಿನ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಲೇಬಲ್ ಹಚ್ಚಿ ಬದಿಗಿಟ್ಟ ಪತ್ರಗಳನ್ನು ದಿನಕ್ಕೊಮ್ಮೆ ತೆರೆದು ನೋಡುವ ಶಿಸ್ತಿದ್ದರೆ ಇಷ್ಟಕ್ಕೇ ನಿಲ್ಲಿಸಬಹುದು. ಒಬ್ಬರೇ ಬಳಸುವ ಖಾತೆಗೆ ಅನೇಕ ವೇಳೆ ಇದೇ ಸಾಕು. ಕಚೇರಿಯಲ್ಲಿ ಹಾಗಲ್ಲ. ನೋಡುವವರು ರಜೆ ಹಾಕುತ್ತಾರೆ, ಲೇಬಲ್ ಮರೆತುಹೋಗುತ್ತದೆ. ಅಲ್ಲಿ ಗೂಗಲ್ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದು, ಪಟ್ಟಿಯನ್ನೇ ಪತ್ರವಾಗಿ ತರಿಸಿಕೊಳ್ಳಬಹುದು:

```javascript
function dinadaSaara() {
  var t = GmailApp.search('label:saara is:unread', 0, 100);
  var saalu = t.map(function (x) {
    return x.getFirstMessageSubject();
  });
  GmailApp.sendEmail(Session.getActiveUser().getEmail(),
    'ದಿನದ ಸಾರ: ' + t.length,
    saalu.join('\n') || 'ಇಂದು ಏನೂ ಬಂದಿಲ್ಲ');
  if (t.length) GmailApp.markThreadsRead(t);
}
```

`saara` ಲೇಬಲ್ಲಿನ ಓದದ ಪತ್ರಗಳನ್ನು ಇದು ಹುಡುಕುತ್ತದೆ, ವಿಷಯದ ಸಾಲುಗಳನ್ನು ಪಟ್ಟಿ ಮಾಡಿ ಅದೇ ಖಾತೆಗೆ ಕಳಿಸುತ್ತದೆ, ಆಮೇಲೆ ಅವನ್ನು ಓದಿದ ಪತ್ರಗಳೆಂದು ಗುರುತಿಸುತ್ತದೆ. ಈ ಕ್ರಮವನ್ನು ತಿರುಗುಮುರುಗು ಮಾಡಬಾರದು. ಮೊದಲೇ ಗುರುತಿಸಿ ಆಮೇಲೆ ಕಳಿಸಲು ಹೋದರೆ, ಕಳಿಸುವುದು ವಿಫಲವಾದ ದಿನದ ಪತ್ರಗಳು ಯಾವ ಡೈಜೆಸ್ಟ್‌ಗೂ ಸೇರದೆ ಕಳೆದುಹೋಗುತ್ತವೆ. ಒಂದು ಸಲಕ್ಕೆ ನೂರು ಎಂಬ ಮಿತಿಯಿದೆ, ಮಿಕ್ಕವು ಓದದೆಯೇ ಉಳಿದು ಮರುದಿನದ ಪಟ್ಟಿಗೆ ಬರುತ್ತವೆ. ಜಿಮೇಲ್ ಒಂದೇ ವಿಷಯದ ಪತ್ರಗಳನ್ನು ಒಂದೇ ಸಂಭಾಷಣೆಯಾಗಿ ಪೋಣಿಸುವುದುಂಟು. ಆದ್ದರಿಂದ ಪಟ್ಟಿಯ ಒಂದು ಸಾಲಿನ ಹಿಂದೆ ಹತ್ತು ಪತ್ರಗಳಿರಬಹುದು, ಮೇಲಿನ ಸಂಖ್ಯೆಯೂ ಪತ್ರಗಳದ್ದಲ್ಲ, ಸಂಭಾಷಣೆಗಳದ್ದು.

ಇದನ್ನು ದಿನವೂ ಓಡಿಸಲು ಸ್ಕ್ರಿಪ್ಟ್ ಪುಟದ ‘Triggers’ ವಿಭಾಗದಲ್ಲಿ ಹೊತ್ತು ಗೊತ್ತುಮಾಡಬೇಕು. ಬೆಳಿಗ್ಗೆ ಎಂಟರಿಂದ ಒಂಬತ್ತು ಎಂದು ಆರಿಸಿದರೆ ಆ ಗಂಟೆಯೊಳಗೆ ಯಾವಾಗಲೋ ಓಡುತ್ತದೆ, ಸರಿಯಾಗಿ ಎಂಟಕ್ಕೇ ಅಲ್ಲ. ಪತ್ರ ಎಂಟೂಕಾಲಿಗೆ ಬರಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ಯಂತ್ರಗಳ ಸುದ್ದಿಗೆ ಬೆಳಗಿನ ಹೊತ್ತೇ ವಾಸಿ. ರಾತ್ರಿಯ ಕೆಲಸಗಳು ಮುಗಿದಿರುತ್ತವೆ, ಏನಾದರೂ ಕೆಟ್ಟಿದ್ದರೆ ಸರಿಪಡಿಸುವವರೂ ಕೆಲಸಕ್ಕೆ ಬರುತ್ತಿರುತ್ತಾರೆ. ಶುಕ್ರವಾರ ಸಂಜೆ ಆರಕ್ಕೆ ಬಂದ ಡೈಜೆಸ್ಟ್ ಸೋಮವಾರದವರೆಗೆ ಯಾರ ಕೈಗೂ ಸಿಗುವುದಿಲ್ಲ.

ಪ್ರೋಗ್ರಾಮಿನಲ್ಲಿ ‘ಇಂದು ಏನೂ ಬಂದಿಲ್ಲ’ ಎಂಬ ಸಾಲು ಬೇಕೆಂದೇ ಹಾಕಿದ್ದು. ಖಾಲಿ ದಿನ ಪತ್ರವನ್ನೇ ಕಳಿಸದಿದ್ದರೆ ಅಚ್ಚುಕಟ್ಟೆನಿಸುತ್ತದೆ, ಆದರೆ ಆಗ ಮೌನಕ್ಕೆ ಎರಡು ಅರ್ಥ ಬಂದುಬಿಡುತ್ತದೆ: ಏನೂ ನಡೆದಿಲ್ಲ ಎಂದೂ ಆಗಬಹುದು, ಡೈಜೆಸ್ಟ್ ಕಳಿಸುವ ಯಂತ್ರವೇ ನಿಂತಿದೆ ಎಂದೂ ಆಗಬಹುದು. ಬಿಡಿ ಸೂಚನೆಗಳ ಕಾಲದಲ್ಲಿ ಒಂದು ಸೇವೆ ಕೆಟ್ಟರೆ ಅದರ ಸದ್ದು ಮಾತ್ರ ನಿಲ್ಲುತ್ತಿತ್ತು. ಈಗ ಒಂದು ಪತ್ರ ತಪ್ಪಿದರೆ ಎಲ್ಲದರ ಸುದ್ದಿಯೂ ಒಟ್ಟಿಗೆ ತಪ್ಪುತ್ತದೆ.

ಬ್ಯಾಕಪ್‌ಗೂ ಇದೇ ತೊಂದರೆ ಇನ್ನೊಂದು ರೂಪದಲ್ಲಿ ಕಾದಿರುತ್ತದೆ. ‘ಆಗಲಿಲ್ಲ’ ಎಂಬ ಪತ್ರ ಇನ್‌ಬಾಕ್ಸ್‌ಗೆ ಬರುತ್ತದೆಂದು ನೆಚ್ಚಿಕೊಂಡಿರುವಾಗ, ಬ್ಯಾಕಪ್ ಸಾಧನದ ವಿದ್ಯುತ್ ಪ್ಲಗ್ಗನ್ನೇ ಯಾರೋ ಕಿತ್ತರೆ ಆಯಿತು ಎಂಬ ಪತ್ರವೂ ಇಲ್ಲ, ಆಗಲಿಲ್ಲ ಎಂಬ ಪತ್ರವೂ ಇಲ್ಲ. ಡೈಜೆಸ್ಟ್‌ನಲ್ಲಿ ಒಂದು ಸಾಲು ಕಡಿಮೆಯಾಗಿರುತ್ತದೆ ಅಷ್ಟೇ. ಇರುವುದನ್ನು ಓದುವ ಕಣ್ಣಿಗೆ ಇಲ್ಲದ ಸಾಲು ಕಾಣುವುದಿಲ್ಲ. ಆದ್ದರಿಂದ ದಿನವೂ ಬರಲೇಬೇಕಾದ ಪತ್ರಗಳ ಪಟ್ಟಿಯೊಂದನ್ನು ಪ್ರೋಗ್ರಾಮಿಗೇ ಕೊಟ್ಟು, ಬಾರದಿದ್ದರೆ ‘ನಿನ್ನೆ ರಾತ್ರಿ ಬ್ಯಾಕಪ್ ಪತ್ರ ಬಂದಿಲ್ಲ’ ಎಂದು ಮೊದಲ ಸಾಲಿನಲ್ಲೇ ಬರೆಸಬೇಕು. ಅಷ್ಟು ಪ್ರೋಗ್ರಾಂ ಬರೆಯುವುದು ಕಷ್ಟವೆನಿಸಿದರೆ ಬ್ಯಾಕಪ್ ಪತ್ರವನ್ನು ಡೈಜೆಸ್ಟ್‌ಗೆ ಸೇರಿಸದೆ ಇನ್‌ಬಾಕ್ಸ್‌ನಲ್ಲೇ ಬಿಡುವುದು ಮೇಲು, ದಿನಕ್ಕೊಂದೇ ಪತ್ರ ತಾನೆ.

ಮೂರನೆಯ ಜಾಗ ಫೋನು. ಐಫೋನಿನಲ್ಲಿ 2021ರ ಐಓಎಸ್ 15ರಿಂದ ‘Scheduled Summary’ ಎಂಬ ಸೌಲಭ್ಯವಿದೆ. ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ಸ್ ವಿಭಾಗದಲ್ಲಿ ಅದನ್ನು ಚಾಲೂ ಮಾಡಿ, ಆ್ಯಪ್‌ಗಳನ್ನೂ ಹೊತ್ತನ್ನೂ ಆರಿಸಿದರೆ, ಆ ಆ್ಯಪ್‌ಗಳ ಸೂಚನೆಗಳು ಅಲ್ಲಿಯವರೆಗೆ ಸದ್ದಿಲ್ಲದೆ ಕಾಯುತ್ತವೆ. ದಿನಕ್ಕೆ ಹನ್ನೆರಡು ಸಾರಾಂಶದವರೆಗೆ ಅವಕಾಶವಿದೆ, ಒಂದನ್ನೇ ಇಟ್ಟುಕೊಳ್ಳಲೂಬಹುದು. ಕರೆಗಳೂ, ‘Time Sensitive’ ಎಂದು ಆ್ಯಪ್ ಗುರುತಿಸಿದ ಸೂಚನೆಗಳೂ ಕಾಯದೆ ಬರುತ್ತವೆ. ಆ ಗುರುತನ್ನು ಹಚ್ಚುವುದು ಆ್ಯಪ್ ಮಾಡಿದವರ ಕೈಯಲ್ಲಿರುವುದರಿಂದ ಅದನ್ನು ಆಫರ್‌ಗಳಿಗೂ ಹಚ್ಚುವ ಆಸೆ ಕೆಲವರಿಗೆ ಬರಬಹುದು. ಹಾಗೆ ಕಂಡರೆ ಆ ಆ್ಯಪ್‌ಗೆ ಮಾತ್ರ ಆ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ಕಿತ್ತುಕೊಳ್ಳಬಹುದು.

ಆಂಡ್ರಾಯ್ಡ್‌ನ ದಾರಿ ಬೇರೆ. 2017ರ ಆಂಡ್ರಾಯ್ಡ್ 8ರಿಂದ ಪ್ರತಿ ಆ್ಯಪ್ ತನ್ನ ಸೂಚನೆಗಳನ್ನು ಚಾನೆಲ್‌ಗಳಾಗಿ ವಿಂಗಡಿಸಬೇಕು: ಆರ್ಡರಿನ ಸ್ಥಿತಿ ಒಂದು, ಆಫರ್ ಇನ್ನೊಂದು, ಹೀಗೆ. ಬಂದ ಸೂಚನೆಯನ್ನು ಒತ್ತಿ ಹಿಡಿದು ‘Silent’ ಆರಿಸಿದರೆ ಆ ಚಾನೆಲ್ ಮಾತ್ರ ಸದ್ದು ನಿಲ್ಲಿಸುತ್ತದೆ. ಊಟ ತರುವವನು ಬಾಗಿಲಿಗೆ ಬಂದ ಸುದ್ದಿ ಸದ್ದು ಮಾಡುತ್ತಲೇ ಇರುತ್ತದೆ. ಎಲ್ಲವನ್ನೂ ಒಂದೇ ಚಾನೆಲ್‌ನಲ್ಲಿ ತುರುಕುವ ಆ್ಯಪ್‌ಗಳಿಗೆ ಈ ಉಪಾಯ ನಡೆಯದು. ಗೊತ್ತುಮಾಡಿದ ಹೊತ್ತಿಗೆ ಕಟ್ಟಾಗಿ ಕೊಡುವ ಏರ್ಪಾಡು ಎಲ್ಲ ಆಂಡ್ರಾಯ್ಡ್ ಫೋನುಗಳಲ್ಲೂ ಒಂದೇ ಬಗೆಯಲ್ಲಿಲ್ಲ. ಆದರೆ ಆಂಡ್ರಾಯ್ಡ್ 11ರಿಂದ ‘Notification history’ ಇದೆ. ಅದನ್ನು ಮೊದಲೇ ಚಾಲೂ ಮಾಡಿಟ್ಟರೆ ಹಿಂದಿನ 24 ಗಂಟೆಯ ಸೂಚನೆಗಳು ಒಂದೇ ಪರದೆಯಲ್ಲಿ ಸಿಗುತ್ತವೆ, ಸರಿಸಿ ಹಾಕಿದವೂ ಸೇರಿ. ರಾತ್ರಿ ಒಮ್ಮೆ ಅದನ್ನು ತೆರೆದರೆ ಅದೇ ಕೈಮಾಡಿದ ಡೈಜೆಸ್ಟ್.

ಫೋನಿನ ವಿಷಯದಲ್ಲಿ ದಿನಕ್ಕೆ ಒಂದೇ ಕಂತು ಎಂದು ಹಟ ಹಿಡಿಯಬೇಕಿಲ್ಲ ಎನ್ನಲು ಆಧಾರವೂ ಇದೆ. 2019ರಲ್ಲಿ ‘ಕಂಪ್ಯೂಟರ್ಸ್ ಇನ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ನಿಕೋಲಸ್ ಫಿಟ್ಜ್ ಮತ್ತು ಸಂಗಡಿಗರು ಎರಡು ವಾರಗಳ ಪ್ರಯೋಗವೊಂದನ್ನು ಪ್ರಕಟಿಸಿದರು. ದಿನಕ್ಕೆ ಮೂರು ಕಂತಿನಲ್ಲಿ ಸೂಚನೆ ಪಡೆದವರಿಗೆ ಗಮನ ಹೆಚ್ಚಿತು, ಮನಸ್ಸು ಹಗುರವಾಯಿತು, ಫೋನು ತಮ್ಮ ಹಿಡಿತದಲ್ಲಿದೆ ಎನಿಸಿತು. ಸೂಚನೆಗಳನ್ನು ಪೂರ್ತಿ ನಿಲ್ಲಿಸಿದವರಿಗೆ ಈ ಲಾಭ ಅಷ್ಟಾಗಿ ಸಿಗಲಿಲ್ಲ. ಏನೋ ತಪ್ಪಿಹೋಗುತ್ತಿದೆ ಎಂಬ ಆತಂಕವೇ ಅವರಲ್ಲಿ ಹೆಚ್ಚಾಯಿತು. ಮನುಷ್ಯರ ಸಂದೇಶಗಳೂ ಸೇರಿರುವ ಫೋನಿಗೆ ಎರಡು ಮೂರು ಕಂತು ಹೊಂದಬಹುದು. ಯಂತ್ರಗಳು ಕಳಿಸುವ ಪತ್ರಗಳಿಗೆ ಉತ್ತರಕ್ಕೆ ಕಾಯುವವರು ಯಾರೂ ಇಲ್ಲದಿರುವುದರಿಂದ ಒಂದೇ ಕಂತು ಸಾಕು.

ಏರ್ಪಾಡು ಸರಿಯಾಗಿದೆಯೇ ಎಂದು ತಿಳಿಯಲು ಒಂದು ತಿಂಗಳ ಬಳಿಕ ಹಳೆಯ ಡೈಜೆಸ್ಟ್‌ಗಳನ್ನು ಸಾಲಾಗಿ ತೆರೆದು ಎರಡು ಬಗೆಯ ಸಾಲುಗಳನ್ನು ಹುಡುಕಬೇಕು. ಇಡೀ ತಿಂಗಳು ಬಂದರೂ ಯಾರೂ ಏನೂ ಮಾಡದ ಸಾಲುಗಳಿದ್ದರೆ ಅವನ್ನು ಮೂಲದಲ್ಲೇ ನಿಲ್ಲಿಸಬಹುದು. ‘ಅಯ್ಯೋ, ನಿನ್ನೆಯೇ ಗೊತ್ತಾಗಬೇಕಿತ್ತು’ ಎಂದು ಯಾರಾದರೂ ಹೇಳಿದ ಸಾಲು ಒಂದೇ ಇದ್ದರೂ ಅದರ ಫಿಲ್ಟರ್ ತೆಗೆದು ತಕ್ಷಣದ ಸೂಚನೆಗೆ ಮರಳಿಸಬೇಕು. ಪ್ರವೇಶ ಮುಗಿದ ಮೇಲೆ ಕಾಲೇಜಿನ ಫಾರ್ಮಿಗೆ ಫಿಲ್ಟರೂ ಬೇಡ, ನೆನಪೋಲೆಯೂ ಬೇಡ. ಆ ಫಾರ್ಮಿನ ಸೂಚನೆಯನ್ನೇ ಆರಿಸಿ, ಮುಂದಿನ ವರ್ಷ ಅರ್ಜಿ ಕರೆಯುವಾಗ ಮತ್ತೆ ಹಾಕಿಕೊಂಡರಾಯಿತು.